ಬಿಳಿ ಡಬ್ಬಿ ಎಷ್ಟು ದೂರ

ಕೆಂಪು ಚೀಲ ಮುಕ್ಕಾಲು ತುಂಬಿತ್ತು. ಅದರ ಬಾಯಿ ತಿರುಚಿ ಗಂಟು ಹಾಕುತ್ತಿದ್ದೆ.

"ಅಂಕಮ್ಮ, ಬೇಗ ಬನ್ನಿ, ಮಕ್ಕಳು ಕಾಯ್ತಿದಾರೆ" ಎಂದು ಟ್ಯೂಟರ್ ಸತ್ಯಭಾಮಾ ಮೇಡಂ ಕರೆದರು. ಜಯನಗರದ ಈ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಸ ಎತ್ತುತ್ತಿದ್ದೇನೆ. ಆಸ್ಪತ್ರೆ ಕಸ ಬೇರ್ಪಡಿಸುವುದನ್ನು ನರ್ಸಿಂಗ್ ಮಕ್ಕಳಿಗೆ ಕಲಿಸುವಾಗ ನನ್ನನ್ನೂ ಕೂರಿಸುತ್ತಾರೆ.

ಮೇಜಿನ ಮೇಲೆ ಅಭ್ಯಾಸದ ಸಾಮಾನು. ಹತ್ತಿಗೆ ರಕ್ತದ ಬದಲು ಕುಂಕುಮದ ನೀರು. ಹುಡುಗಿಯರು ಹತ್ತಿಯನ್ನು ಹಳದಿ ಚೀಲಕ್ಕೆ, ಡ್ರಿಪ್ ಟ್ಯೂಬನ್ನು ಕೆಂಪಿಗೆ, ಒಡೆದ ಔಷಧದ ಬಾಟಲಿಯನ್ನು ನೀಲಿ ಡಬ್ಬಿಗೆ ಹಾಕಿದರು. ಒಬ್ಬಳು ಬಿಸ್ಕತ್ತಿನ ಕಾಗದವನ್ನೂ ಹಳದಿಗೆ ಹಾಕಿದಳು.

"ಬಿಸ್ಕತ್ತಿಗೆ ಏನ್ ಕಾಯಿಲೆ ಬಂತಮ್ಮಾ? ಅದು ಮಾಮೂಲಿ ಕಸ" ಎಂದೆ. ಎಲ್ಲರೂ ನಕ್ಕರು.

ಆಮೇಲೆ ಪದ್ಮಶ್ರೀ ಬಂದಳು. ಎರಡನೇ ವರ್ಷದವಳು, ಉತ್ತರಹಳ್ಳಿ ಬಸ್ಸಿಳಿದು ದಿನಾ "ತಿಂಡಿ ಆಯ್ತಾ ಅಜ್ಜಿ?" ಎನ್ನುವವಳು. "ಸೂಜಿ ಕತ್ತರಿಸಿ ಬಿಳಿ ಡಬ್ಬಿಗೆ, ಸಿರಿಂಜು ಕೆಂಪಿಗೆ" ಎಂದು ಬಾಯಲ್ಲಿ ಹೇಳಿದಳು. ಕೈ ಮಾತ್ರ ಸೂಜಿಗೆ ಮುಚ್ಚಳ ಸಿಕ್ಕಿಸಿ, ಇಡಿಯಾಗಿ ಕೆಂಪು ಚೀಲಕ್ಕೆ ಬಿಟ್ಟಿತು.

"ಪದ್ಮಶ್ರೀ! ಮುಚ್ಚಳ ಹಾಕ್ಬಾರ್ದು ಅಂತ ಎಷ್ಟ್ ಸಲ ಹೇಳ್ಲಿ?" ಎಂದರು ಮೇಡಂ.

ಆರು ತಿಂಗಳ ಹಿಂದೆ ಹೆಂಗಸರ ವಾರ್ಡಿನ ಕೆಂಪು ಚೀಲದಿಂದ, ಮುಚ್ಚಳ ಜಾರಿದ ಸೂಜಿ ನನ್ನ ಬೆರಳಿಗೆ ಚುಚ್ಚಿತ್ತು. ತಕ್ಷಣ ಸೋಪಿನಲ್ಲಿ ತೊಳೆದು ಡಾಕ್ಟರಿಗೆ ಹೇಳಿದೆ. ಸೋಂಕು ತಗಲದಿರಲೆಂದು ಕೊಟ್ಟ ಮಾತ್ರೆ ನುಂಗಿದೆ, ಕೊನೆಯ ರಕ್ತ ಪರೀಕ್ಷೆಯೂ ಹೋದ ವಾರ ಸರಿಯಾಗಿ ಬಂತು. ಯಾವ ವಾರ್ಡಿನ ಚೀಲ ಎಂದು ಕೇಳಿದಾಗ ಮಾತ್ರ ಗೊತ್ತಿಲ್ಲ ಎಂದಿದ್ದೆ. ಆ ಬೆಳಿಗ್ಗೆ ಅಲ್ಲಿ ಇಂಜೆಕ್ಷನ್ ಟ್ರಾಲಿ ತಳ್ಳಿದವಳು ಪದ್ಮಶ್ರೀ. ಅವಳ ಓದು ನಿಂತುಹೋದರೆ ಎಂಬ ಭಯಕ್ಕೆ, ಸೋಂಕು ನಿಯಂತ್ರಣ ಸಮಿತಿಗೆ ನಿಜ ಬರೆದ ಪತ್ರವನ್ನು ಅಂದಿನಿಂದ ಊಟದ ಚೀಲದಲ್ಲೇ ಹೊತ್ತು ತಿರುಗುತ್ತಿದ್ದೆ.

"ಬೈಬೇಡಿ ಮೇಡಂ" ಎಂದೆ. "ಮುಚ್ಚಳ ಯಾಕೆ ಹಾಕ್ತೀಯ ಮಗಳೇ?"

"ಬಿಳಿ ಡಬ್ಬಿ, ಸೂಜಿ ಕಟರ್ ಎರಡೂ ಇರೋದು ವಾರ್ಡಿನ ಕೊನೇಲಿ ಅಜ್ಜಿ. ಹದಿನೆಂಟು ಬೆಡ್ ದಾಟ್ಬೇಕು. ಬರೀ ಸೂಜಿ ಹಿಡ್ಕೊಂಡ್ ಹೋಗಕ್ಕೆ ಭಯ. ಮುಚ್ಚಿ ಟ್ರೇಲಿ ಇಟ್ಕೋತೀವಿ. ಗಡಿಬಿಡೀಲಿ ಟ್ರೇ ಪೂರ್ತಿ ಕೆಂಪಿಗೆ ಸುರಿದುಬಿಡ್ತೀವಿ."

"ನಾವೂ ಅಷ್ಟೇ ಮೇಡಂ" ಎಂದವು ಹಿಂದಿನ ಸಾಲಿನ ದನಿಗಳು.

ಮೇಡಂ ಕುರ್ಚಿಯಲ್ಲಿ ಕುಳಿತರು. "ಇಷ್ಟು ದಿನ ಬರೀ ಬಣ್ಣ ಕೇಳ್ದೆ. ಡಬ್ಬಿ ಎಲ್ಲಿದೆ ಅಂತ ಕೇಳ್ಲೇ ಇಲ್ಲ ನೋಡಿ."

ಪಾಠ ಮುಗಿದ ಮೇಲೆ ಮೇಡಂಗೂ ಪದ್ಮಶ್ರೀಗೂ ಪತ್ರ ತೋರಿಸಿದೆ. ಪದ್ಮಶ್ರೀ ಕೊನೆಯ ಸಾಲಿನವರೆಗೂ ಓದಿದಳು.

"ನನ್ನಿಂದಾನಾ ಅಜ್ಜಿ?"

"ಬೆರಳು ನೆಟ್ಟಗಿದೆ, ನಿನ್ನೆ ರಾತ್ರೀನೂ ಮುದ್ದೆ ಕಟ್ತು. ಅಳಬೇಡ."

ಅವಳು ಅತ್ತಳು. ಮೂಗೊರೆಸಿಕೊಂಡು ಪೆನ್ನು ಕೇಳಿ ಪತ್ರದ ಕೆಳಗೆ ಬರೆದಳು: "ಆ ಟ್ರಾಲಿ ನನ್ನದು. ಪ್ರತಿ ಟ್ರಾಲಿಗೂ ಒಂದು ಬಿಳಿ ಡಬ್ಬಿ, ಒಂದು ಸೂಜಿ ಕಟರ್ ಕೊಡಿ."

"ಓದಿಗೇನೂ ಆಗಲ್ಲ, ನಾನಿದೀನಿ" ಎಂದು ಮೇಡಂ ತಾವೂ ಸಹಿ ಹಾಕಿದರು.

ಟಪಾಲು ಕಿಟಕಿಯಲ್ಲಿ ಗುಮಾಸ್ತ ನೀಲಕಂಠಪ್ಪ ಕನ್ನಡಕ ಏರಿಸಿ ನೋಡಿದರು. "ಇದೇನಮ್ಮ, ಆರು ತಿಂಗಳ ಹಿಂದಿನ ತಾರೀಕು?"

"ಇವತ್ತಿನ ಸೀಲ್ ಹೊಡೀರಿ ಸ್ವಾಮಿ" ಎಂದೆ.

ಅವರು ಸೀಲು ಹೊಡೆದು ಪತ್ರವನ್ನು ಸಮಿತಿಯ ಟ್ರೇಗೆ ಹಾಕಿದರು.