ಎರಡು ಸ್ಲಿಪ್, ಒಂದು ಗಲ್ಲಿ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನಮ್ಮ ತಂಡದ ಹುಡುಗಿಯರೆಲ್ಲ ಹೇಳುತ್ತಾರೆ. ಬರಲಿ ಬಿಡಿ. ಉಡುಪಿಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿ ಹತ್ತು ವರ್ಷ ಬಿಸಿಲಲ್ಲಿ ಸೀಟಿ ಊದಿದವಳು ನಾನು, ಶಂಕರಪುರದ ಲೊರ್ನಾ. ಅದರ ಮೇಲೆ ಹನ್ನೆರಡು ವರ್ಷದಿಂದ ಮಹಿಳಾ ಕ್ರಿಕೆಟ್ ತಂಡದ ಕ್ಯಾಪ್ಟನ್. ಸಿಟ್ಟು ಬರದಿದ್ದರೆ ನನ್ನನ್ನು ಆಸ್ಪತ್ರೆಗೆ ತೋರಿಸಬೇಕಾಗುತ್ತಿತ್ತು.

ಆದರೆ ಕಳೆದ ಜನವರಿಯಲ್ಲಿ ಕಾರ್ಕಳದ ಪಂದ್ಯದಲ್ಲಿ ನಾನು ಮಾಡಿದ ತಪ್ಪು ಸಿಟ್ಟಿನದಲ್ಲ. ಆಸೆಯದು.

ರಿಝಾನಾ ಕಾಪುವಿನವಳು. ಕಾಲೇಜಿನ ದಿನಗಳಿಂದ ನಾಲ್ಕು ವರ್ಷ ನಮ್ಮ ತಂಡದ ವೇಗದ ಬೌಲರ್. ಅವಳ ಬ್ಯಾರಿ ಭಾಷೆ ನನಗೆ ಅರ್ಧಂಬರ್ಧ, ನನ್ನ ಕೊಂಕಣಿ ಅವಳಿಗೆ ಅಷ್ಟೂ ಇಲ್ಲ. ನಾವು ಮಾತಾಡಿದ್ದು ಕನ್ನಡದಲ್ಲಿ, ಅದಕ್ಕಿಂತ ಹೆಚ್ಚು ಫೀಲ್ಡಿಂಗಿನಲ್ಲಿ. ಅವಳು ಹಾಕುವ ಚೆಂಡು ನೇರ ಬಂದು ಕೊನೆಯ ಗಳಿಗೆಯಲ್ಲಿ ಬ್ಯಾಟಿನಿಂದ ಆಚೆಗೆ ವಾಲುತ್ತಿತ್ತು. ಅಂಥ ಚೆಂಡು ಬ್ಯಾಟಿನ ಅಂಚಿಗೆ ತಾಗಿದರೆ ಹೋಗುವುದು ಹಿಂದಕ್ಕೆ. ಅದನ್ನು ಹಿಡಿಯಲು ಕೀಪರ್ ಪಕ್ಕದಲ್ಲಿ ಎರಡು ಸ್ಲಿಪ್, ಅವರ ಆಚೆ ಓರೆಯಾಗಿ ಒಂದು ಗಲ್ಲಿ. ಮೊದಲ ಸ್ಲಿಪ್ ನಾನು. ಸ್ಟಂಪಿನಿಂದ ಹನ್ನೆರಡು ಹೆಜ್ಜೆ ಹಿಂದೆ ನಿಂತರೂ ಅಂಚಿಗೆ ತಾಗಿದ ಚೆಂಡು ಎದೆ ಮಟ್ಟಕ್ಕೆ ಬಂದು ಕೈ ಸುಡುತ್ತಿತ್ತು. ವಿಕೆಟ್ ಬಿದ್ದ ಕೂಡಲೇ ಅವಳು ಪಿಚ್ಚಿನ ಆ ತುದಿಯಿಂದ ಓಡಿ ಬಂದು ನನ್ನ ಮೇಲೆಯೇ ಬೀಳುತ್ತಿದ್ದಳು. ಆ ನಾಲ್ಕು ವರ್ಷ ನಾನು ಎಷ್ಟು ಸುಖದಲ್ಲಿದ್ದೆ ಎಂದು ಆಗ ಗೊತ್ತಾಗಲಿಲ್ಲ.

ಆಮೇಲೆ ಅವಳಿಗೆ ನಜೀಬನ ಜೊತೆ ಮದುವೆಯಾಯಿತು, ಸೌದಿಯ ದಮ್ಮಾಮಿಗೆ ಹೋದಳು, ಮಗಳು ಹುಟ್ಟಿದಳು. ಒಳ್ಳೆಯ ಗಂಡ, ಒಳ್ಳೆಯ ಸಂಸಾರ, ದೂರಲು ಎಂತ ಉಂಟು? ಎಂಟು ವರ್ಷ ನಾನು ಬೇರೆ ಬೌಲರ್‌ಗಳಿಗೆ ಫೀಲ್ಡ್ ಇಟ್ಟೆ. ಎಲ್ಲರೂ ನಿಧಾನ. ಎರಡನೇ ಸ್ಲಿಪ್ ಇಡುವ ಧೈರ್ಯ ಒಬ್ಬಳ ಚೆಂಡಿಗೂ ನನಗೆ ಬರಲಿಲ್ಲ.

ಈ ಸಲ ರಜೆಯಲ್ಲಿ ಬಂದವಳು ಮಣಿಪಾಲದ ನೆಟ್ಸ್‌ಗೆ ಎರಡು ದಿನ ಬಂದು ಕೈ ಸಡಿಲ ಮಾಡಿಕೊಂಡಳು. ಮೂರನೆಯ ದಿನ ಅವಳ ಉಮ್ಮ, ಅಂದರೆ ತಾಯಿ, ರುಕಿಯಮ್ಮನ ಮನೆಯಲ್ಲಿ ಚಹಾ ಕುಡಿಯುವಾಗ ಸುದ್ದಿ ಹೇಳಿದಳು.

"ನಜೀಬ್ ಹೇಳಿದ್ದಾರೆ, ನಿನಗೆ ಬೇಕಾದರೆ ಮಾರ್ಚ್ ತನಕ ಇಲ್ಲೇ ಇದ್ದು ಲೀಗ್ ಆಡು ಅಂತ. ಮಗಳನ್ನು ಉಮ್ಮ ನೋಡಿಕೊಳ್ಳುತ್ತಾರೆ. ಮುಂದಿನ ವಾರ ಶನಿವಾರದ ಟಿಕೆಟ್ ಮುಂದೆ ಹಾಕಬಹುದು."

ನಾನು ಚಹಾ ಕೆಳಗಿಟ್ಟೆ. "ಮತ್ತೆ ಯೋಚನೆ ಎಂತದು ಮಾರಾಯ್ತಿ? ಇರು."

"ಸುಮ್ಮನೆ ಇರಲಿಕ್ಕೆ ಆಗುವುದಿಲ್ಲ. ಮಗಳ ಶಾಲೆ ತಪ್ಪಿಸಿ, ನಜೀಬರನ್ನು ಅಲ್ಲಿ ಒಬ್ಬರನ್ನೇ ಬಿಟ್ಟು ನಾನು ಇರುವುದಾದರೆ ಓಪನಿಂಗ್ ಬೌಲರ್ ಆಗಿ ಇರಬೇಕು. ಪಾಪ ಹಳೆಯವಳು ಅಂತ ಒಂದೆರಡು ಓವರ್ ಕೊಡುವುದಾದರೆ ಬೇಡ. ನನ್ನಲ್ಲಿ ಆ ಚೆಂಡು ಇನ್ನೂ ಉಂಟಾ ಅಂತ ನನಗೇ ಗೊತ್ತಿಲ್ಲ, ಲೊರ್ನಾ."

"ನಾನು ಹೇಳುತ್ತೇನೆ, ಉಂಟು."

"ಬಾಯಲ್ಲಿ ಹೇಳಬೇಡ. ಭಾನುವಾರ ಕಾರ್ಕಳದಲ್ಲಿ ನನಗೆ ಫೀಲ್ಡ್ ಇಡುತ್ತೀಯಲ್ಲ, ಅದರಲ್ಲಿ ಹೇಳು. ಅದರಲ್ಲಿ ನೀನು ಯಾವತ್ತೂ ಸುಳ್ಳು ಹೇಳಿದವಳಲ್ಲ."

ನಿಜ. ಅದು ನಮ್ಮ ಹಳೆಯ ಒಪ್ಪಂದ. ಬೌಲರಿಗೆ ಇವತ್ತು ಚೆಂಡು ಸರಿ ಬೀಳುತ್ತಿಲ್ಲ ಎಂದು ಕ್ಯಾಪ್ಟನ್ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಒಂದು ಸ್ಲಿಪ್ ತೆಗೆದರೆ ಸಾಕು, ಅವಳಿಗೆ ಅರ್ಥವಾಗುತ್ತದೆ. ಸ್ಲಿಪ್ ಎರಡು ಹೆಜ್ಜೆ ಮುಂದೆ ಬಂದು ನಿಂತರೂ ಅರ್ಥವಾಗುತ್ತದೆ. ಕೀಪರ್ ಬಂದು ಸ್ಟಂಪಿಗೆ ಒತ್ತಿ ನಿಂತರಂತೂ ಮುಗಿಯಿತು. ವೇಗದ ಬೌಲರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಭಾನುವಾರ ಇಪ್ಪತ್ತು ಓವರಿನ ಪಂದ್ಯ. ಮೊದಲು ಆಡಿದ ನಾವು ನೂರ ಹದಿನಾಲ್ಕು ಹೊಡೆದಿದ್ದೆವು. ಹೊಸ ಚೆಂಡನ್ನು ರಿಝಾನಾಳ ಕೈಗೆ ಕೊಟ್ಟೆ. ತಲೆವಸ್ತ್ರದ ಮೇಲೆ ಟೊಪ್ಪಿ ಸರಿಮಾಡಿಕೊಂಡು, ತನ್ನ ಹಳೆಯ ಹೆಜ್ಜೆ ಎಣಿಸಿ ಗುರುತು ಹಾಕಿಕೊಂಡಳು. ನಾನು ಏನೂ ಯೋಚಿಸದೆ ಕೈ ಬೀಸಿದೆ. ಎರಡು ಸ್ಲಿಪ್, ಒಂದು ಗಲ್ಲಿ, ಪಾಯಿಂಟ್, ಕವರ್, ಮಿಡ್ ಆಫ್. ಲೆಗ್ ಬದಿಗೆ ಮಿಡ್ ಆನ್, ಸ್ಕ್ವೇರ್ ಲೆಗ್, ದೂರ ಗೆರೆಯ ಹತ್ತಿರ ಫೈನ್ ಲೆಗ್. ಮಿಡ್ ವಿಕೆಟ್ ಪೂರ್ತಿ ಖಾಲಿ. ಹಿಂದೆ ಅವಳ ಚೆಂಡನ್ನು ಆ ಕಡೆಗೆ ತಿರುಗಿಸಿ ಹೊಡೆಯುವವರೇ ಇರಲಿಲ್ಲ.

ಮೊದಲ ಚೆಂಡು ವಾಲಿತು. ದೇವರಾಣೆ, ಸ್ವಲ್ಪ ವಾಲಿತು. ಬ್ಯಾಟಿನ ಅಂಚಿಗೆ ತಾಗಿ ನನ್ನ ಕಡೆಗೇ ಬಂತು. ಆದರೆ ನನ್ನ ಬೆರಳಿನಿಂದ ಮೂರು ಮಾರು ಮುಂದೆ ನೆಲಕ್ಕೆ ಬಿದ್ದು, ಪುಟಿದು ಕೈಗೆ ಬಂತು. ನಾನು ಕೈಯಲ್ಲಿ ಚೆಂಡು ಹಿಡಿದು ಅದನ್ನೇ ನೋಡುತ್ತ ನಿಂತೆ. ಅಂಚಿಗೆ ತಾಗಿದ ಚೆಂಡು ಸ್ಲಿಪ್ ತನಕ ತಲುಪದಿದ್ದರೆ ಅದರಲ್ಲಿ ವೇಗವಿಲ್ಲ ಎಂದೇ ಅರ್ಥ.

ಪಕ್ಕದಲ್ಲಿದ್ದ ಕೀಪರ್ ಆಶ್ರಿತಾ, ಮಣಿಪಾಲದಲ್ಲಿ ಓದುವ ಹುಡುಗಿ, ಮೆಲ್ಲ ಕೇಳಿದಳು. "ಅಕ್ಕ, ನಾನು ಮುಂದೆ ಹೋಗಿ ಸ್ಟಂಪ್ ಹತ್ತಿರ ನಿಲ್ಲಲಾ?"

"ಸುಮ್ಮನೆ ನಿಂತಲ್ಲಿ ನಿಲ್ಲು."

"ಹಾಗಾದರೆ ನೀವಾದರೂ ಎರಡು ಹೆಜ್ಜೆ ಮುಂದೆ..."

"ಆಶ್ರಿತಾ, ಕ್ಯಾಪ್ಟನ್ ನೀನಾ ನಾನಾ?"

ಹುಡುಗಿ ಗ್ಲೌಸ್ ತಟ್ಟಿಕೊಂಡು ನಿಂತಲ್ಲೇ ಬಗ್ಗಿದಳು. ಆಮೇಲಿನ ಚೆಂಡು ಆಫ್ ಸ್ಟಂಪಿನ ಹೊರಗೆ ಹೋಯಿತು. ಮೂರನೆಯದನ್ನು ಕಾರ್ಕಳದ ಆಟಗಾರ್ತಿ ಹಿಂದೆ ಸರಿದು, ಆರಾಮಾಗಿ ಕಾದು, ಮಿಡ್ ವಿಕೆಟಿನ ಖಾಲಿ ಜಾಗಕ್ಕೆ ಎಳೆದಳು. ನಾಲ್ಕು. ನಾಲ್ಕನೆಯದೂ ಅಲ್ಲಿಗೇ, ನಾಲ್ಕು. ಐದನೆಯದು ಪ್ಯಾಡಿಗೆ ಬಡಿಯಿತು. ಆರನೆಯದು ಮತ್ತೆ ಅಲ್ಲಿಗೇ. ಒಂದು ಓವರಿನಲ್ಲಿ ಹನ್ನೆರಡು ರನ್. ನನ್ನ ಎರಡನೇ ಸ್ಲಿಪ್ ಮತ್ತು ಗಲ್ಲಿ ಮದುವೆ ಮನೆಯಲ್ಲಿ ಊಟಕ್ಕೆ ಕರೆಯದ ನೆಂಟರ ಹಾಗೆ ನಿಂತಿದ್ದರು.

ಆ ಕಡೆಯಿಂದ ವಿಜೇತಾ ಬಂದಳು, ಆಫ್ ಸ್ಪಿನ್ ಹಾಕುವವಳು. ಅವಳ ಚೆಂಡು ಬಲಗೈ ಆಟಗಾರ್ತಿಯ ಒಳಕ್ಕೆ ತಿರುಗುತ್ತದೆ, ಹೊಡೆತ ಹೋಗುವುದು ಲೆಗ್ ಬದಿಗೆ. ನನ್ನ ಕೈ ತಾನಾಗಿಯೇ ತೋರಿಸಿತು. ಸ್ಲಿಪ್ ಒಂದೇ ಸಾಕು, ಗಲ್ಲಿ ಮಿಡ್ ವಿಕೆಟಿಗೆ ಹೋಗಲಿ, ಇನ್ನೊಬ್ಬಳು ಅದರ ಹಿಂದೆ ಗೆರೆಗೆ ಹೋಗಲಿ. ಎಷ್ಟು ಸುಲಭ. ವಿಜೇತಾಳ ವಿಷಯದಲ್ಲಿ ನನಗೆ ಯಾವ ಆಸೆಯೂ ಇರಲಿಲ್ಲ, ಹಾಗಾಗಿ ಕಣ್ಣು ಸರಿಯಾಗಿ ಕಾಣುತ್ತಿತ್ತು.

ಮತ್ತೆ ರಿಝಾನಾಳ ಓವರ್. ನಾನು ಎಲ್ಲರನ್ನೂ ವಾಪಸು ಕರೆದೆ. ಎರಡು ಸ್ಲಿಪ್, ಒಂದು ಗಲ್ಲಿ. ಎರಡನೇ ಸ್ಲಿಪ್‌ಗೆ ಬಂದ ಹುಡುಗಿ ನನ್ನ ಮುಖ ನೋಡಿದಳು. ರಿಝಾನಾ ಗುರುತಿನ ಹತ್ತಿರ ಚೆಂಡು ಹಿಡಿದು ನಿಂತಳು. ಓಡಲಿಲ್ಲ. ಅಂಪೈರ್ ತಿರುಗಿ ನೋಡಿದರು. ಅವಳು ನನ್ನನ್ನು ಕೈ ಮಾಡಿ ಕರೆದಳು. ನಾನು ಪಿಚ್ಚಿನ ಪಕ್ಕದಿಂದ ಅಷ್ಟು ದೂರ ನಡೆದು ಹೋದೆ.

"ಲೊರ್ನಾ, ಇದು ಯಾರ ಫೀಲ್ಡ್?"

"ನಿನ್ನದೇ. ಮತ್ತೆ ಯಾರದ್ದು?"

"ಇದು ಎಂಟು ವರ್ಷ ಹಿಂದೆ ಇಲ್ಲಿಂದ ಹೋದವಳದ್ದು. ಇವತ್ತು ಚೆಂಡು ಹಾಕುವವಳು ನಾನು. ನನಗೆ ಫೀಲ್ಡ್ ಇಡು."

ನನಗೆ ಅವಳ ಕೆನ್ನೆಗೆ ಒಂದು ಕೊಡುವಷ್ಟು ಸಿಟ್ಟು ಬಂತು. ಅವಳ ಮೇಲಲ್ಲ, ಆದರೂ ಬಂತು. "ಇನ್ನೊಂದು ಓವರ್ ನೋಡೋಣ. ಕೈ ಬಿಸಿಯಾಗಲಿ."

"ಮೊದಲ ಚೆಂಡು ನಿನ್ನ ಮುಂದೆ ಬಿದ್ದದ್ದು ನಾನೂ ನೋಡಿದ್ದೇನೆ."

ನಾನು ವಾಪಸು ನಡೆದೆ. ಮೊದಲು ಎರಡನೇ ಸ್ಲಿಪ್ ತೆಗೆದು ಮಿಡ್ ವಿಕೆಟಿನ ಹಿಂದೆ ಗೆರೆಗೆ ಕಳಿಸಿದೆ. ಗಲ್ಲಿಯನ್ನು ಕರೆದು ಮುಂದಕ್ಕೆ, ಶಾರ್ಟ್ ಕವರಿನಲ್ಲಿ ನಿಲ್ಲಿಸಿದೆ. ಇನ್ನು ಉಳಿದದ್ದು ನಾನು. ಮೊದಲ ಸ್ಲಿಪ್‌ನ ಹುಲ್ಲಿನ ಮೇಲೆ ಒಂದು ಗಳಿಗೆ ನಿಂತೆ. ಆಮೇಲೆ ಆಶ್ರಿತಾಳಿಗೆ ಹೇಳಿದೆ, "ಹೋಗು ಮಗ, ಸ್ಟಂಪಿನ ಹತ್ತಿರ ನಿಲ್ಲು." ನಾನು ನಡೆದುಕೊಂಡು ಮಿಡ್ ವಿಕೆಟಿಗೆ ಹೋದೆ. ಕೀಪರಿನ ಪಕ್ಕ ಪೂರ್ತಿ ಬಯಲಾಯಿತು. ನಾನು ಆ ಕಡೆ ನೋಡಲಿಲ್ಲ, ನೋಡಿದರೆ ಅತ್ತುಬಿಡುತ್ತಿದ್ದೆ.

ರಿಝಾನಾ ಸುತ್ತ ಒಮ್ಮೆ ನೋಡಿದಳು. ಪ್ರತಿಯೊಬ್ಬಳೂ ಎಲ್ಲಿದ್ದಾಳೆ ಎಂದು ಲೆಕ್ಕ ಹಾಕಿ ತಲೆಯಾಡಿಸಿದಳು. ಆಮೇಲೆ ಓಟದ ಅರ್ಧ ದೂರದಿಂದ ಮಾತ್ರ ಓಡಿ ಬಂದು, ಚೆಂಡಿನ ಮೇಲೆ ಬೆರಳು ಎಳೆದು ನಿಧಾನಕ್ಕೆ ಕಟರ್ ಹಾಕಿದಳು. ಆಟಗಾರ್ತಿ ಮತ್ತದೇ ಆಸೆಯಿಂದ ಬೇಗ ಬ್ಯಾಟ್ ಬೀಸಿದಳು. ಚೆಂಡು ಇನ್ನೂ ಬರುತ್ತಿತ್ತು. ಮೆತ್ತಗೆ ಮೇಲೆದ್ದು ನೇರ ನನ್ನ ಕೈಗೆ ಬಿತ್ತು. ಕೈ ಸುಡಲಿಲ್ಲ.

ಹುಡುಗಿಯರು ಕೇಕೆ ಹಾಕಿದರು. ರಿಝಾನಾ ಓಡಿ ಬರಲಿಲ್ಲ, ನಡೆದು ಬಂದಳು. ನನ್ನ ಕೈಯಿಂದ ಚೆಂಡು ತೆಗೆದುಕೊಂಡು, "ಈಗ ಸರಿ ಉಂಟು," ಎಂದಳು. ನಾಲ್ಕು ಓವರಿನಲ್ಲಿ ಎರಡು ವಿಕೆಟ್ ತೆಗೆದಳು. ಆದರೂ ಕಾರ್ಕಳದವರು ಎರಡು ಚೆಂಡು ಉಳಿದಿರುವಾಗ ಗುರಿ ಮುಟ್ಟಿದರು. ಆ ಮೊದಲ ಓವರಿನ ಹನ್ನೆರಡು ರನ್ ಇಲ್ಲದಿದ್ದರೆ ಪಂದ್ಯ ನಮ್ಮದೇ ಎಂದು ಆಶ್ರಿತಾ ನನಗೆ ಕೇಳುವ ಹಾಗೆಯೇ ಹೇಳಿದಳು.

ಎಲ್ಲರೂ ಚೀಲ ಕಟ್ಟುವಾಗ ರಿಝಾನಾ ಮೈದಾನದ ಮೆಟ್ಟಿಲಲ್ಲಿ ಕುಳಿತು ಬೂಟು ಬಿಚ್ಚುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಶನಿವಾರ ಹೋಗುತ್ತೇನೆ," ಎಂದಳು.

"ಎರಡು ವಿಕೆಟ್ ತೆಗೆದೆಯಲ್ಲ. ಅಂಥ ಬೌಲರ್ ಬೇಡ ಅಂತ ನಾನು ಹೇಳಿದೆನಾ?"

"ಅಂಥ ನಿಧಾನದವರು ನಿನ್ನ ಹತ್ತಿರ ಮೂರು ಜನ ಇದ್ದಾರೆ. ವಿಜೇತಾ ನನಗಿಂತ ಚೆನ್ನಾಗಿ ಹಾಕುತ್ತಾಳೆ. ಅದಕ್ಕಾಗಿ ಮಗಳ ಶಾಲೆ ತಪ್ಪಿಸಲಿಕ್ಕೆ ಆಗುವುದಿಲ್ಲ, ಲೊರ್ನಾ."

ಅವಳು ಸಾಕ್ಸ್ ಮಡಚಿ ಬೂಟಿನೊಳಗೆ ತುರುಕಿದಳು.

"ನೀನು ಫೀಲ್ಡಿನಲ್ಲಿ ಸುಳ್ಳು ಹೇಳಿದ್ದು ಇದೇ ಮೊದಲು, ಅಲ್ವಾ?"

"ಹೌದು."

"ಯಾಕೆ?"

"ನೀನು ಇಲ್ಲೇ ಇರಲಿ ಅಂತ. ಇಷ್ಟು ವರ್ಷ ನಿನಗಾಗಿ ಕಾದು ಸಾಕಾಗಿದೆ ನನಗೆ."

ಅವಳು ನನ್ನ ಹೆಗಲಿಗೆ ತಲೆಯಿಟ್ಟಳು. ಮೈಯೆಲ್ಲ ಬೆವರು, ಧೂಳು. ಹಾಗೇ ಇದ್ದು ಹೇಳಿದಳು.

"ನಾಲ್ಕನೇ ಚೆಂಡು ಮಿಡ್ ವಿಕೆಟಿಗೆ ಹೋದಾಗಲೇ ನನಗೆ ಗೊತ್ತಾಯಿತು, ನನ್ನ ವೇಗ ಹೋಗಿದೆ ಅಂತ. ಆದರೂ ಆ ಓವರ್ ಮುಗಿಯುವ ತನಕ ಏನೂ ಹೇಳಲಿಲ್ಲ. ನೀನು ಅಲ್ಲಿ ಹಿಂದೆ, ಮೊದಲಿನ ಹಾಗೆ ಸ್ಲಿಪ್‌ನಲ್ಲಿ ನಿಂತಿದ್ದೆಯಲ್ಲ, ಅದನ್ನು ಇನ್ನೂ ಎರಡು ಚೆಂಡು ನೋಡಬೇಕು ಅನ್ನಿಸಿತು ನನಗೆ."