ಎರಡೂ ಕಡೆ ಜಾರುವ ತಾಮ್ರ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಈ ಸಂಸ್ಥೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ವಿಕಿರಣ ಸುರಕ್ಷತಾ ಅಧಿಕಾರಿ ಎಂಬ ಫಲಕದ ಹಿಂದೆ ಕೂತವಳು ನಗುನಗುತ್ತಾ ಇದ್ದರೆ ಜನ ಪ್ರಯೋಗಾಲಯದ ಕೈಗವಸಿನಲ್ಲೇ ಬಿಸ್ಕತ್ತು ತಿನ್ನುತ್ತಾರೆ, ಇದು ನಾನು ಕಣ್ಣಾರೆ ಕಂಡ ಮಾತು. ಆದರೆ ಆ ದಿನ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಮೇಷ್ಟ್ರು ಎದುರಿಗೆ ಬಂದು ಕೂತಾಗ ನಾನು ಒಳ್ಳೆಯ ಮನಸ್ಸಿನಲ್ಲೇ ಇದ್ದೆ.

ಮೇಷ್ಟ್ರು ಎನ್ನುವುದು ನಾವಿಟ್ಟ ಹೆಸರು. ಅವರು ಔಷಧಿಗಳಿಗೆ ವಿಕಿರಣ ಹೊಮ್ಮಿಸುವ ಪರಮಾಣುಗಳನ್ನು ಅಂಟಿಸುವ ವಿಭಾಗದ ವಿಜ್ಞಾನಿ. ಇಲ್ಲಿಗೆ ಬರುವ ಮೊದಲು ಪ್ರವೇಶ ಪರೀಕ್ಷೆಯ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದವರು, ಹಾಗಾಗಿ ಜಗತ್ತಿನ ಎಲ್ಲಕ್ಕೂ ಅವರ ಹತ್ತಿರ ಒಂದು ಸುಲಭಸೂತ್ರ ಇರುತ್ತದೆ. ತಟ್ಟೆ ಇಡುತ್ತಿದ್ದಂತೆಯೇ, ಮುಂದಿನ ವಾರ ಬರಬೇಕಿದ್ದ ತಾಮ್ರ ಬೆಳಿಗ್ಗೆಯೇ ಬಂದಿದೆ, ಕೆಲಸವನ್ನೂ ಶುರುಮಾಡಿಸಿದ್ದೇನೆ ಎಂದು ಖುಷಿಯಿಂದ ಹೇಳಿದರು. ನನ್ನ ಒಪ್ಪಿಗೆ ಇಲ್ಲದೆ ಹೇಗೆ ಶುರುಮಾಡಿಸಿದಿರಿ ಎಂದು ಕೇಳಿದೆ. ಅಯ್ಯೋ, ಅದೂ ನಮ್ಮ ರಂಜಕದ ಹಾಗೆಯೇ ಮೇಡಂ, ಅದಕ್ಕೇನು ಹೊಸ ಒಪ್ಪಿಗೆ ಎಂದರು.

ರಂಜಕ ಎಂದರೆ ರಂಜಕ ಮೂವತ್ತೆರಡು. ಆ ಕೋಣೆಯಲ್ಲಿ ವರ್ಷಗಳಿಂದ ಬಳಸುತ್ತಿರುವುದು ಅದೊಂದನ್ನೇ. ಹದಿನೈದು ಪ್ರೋಟಾನ್‌ಗೆ ಹದಿನಾರು ನ್ಯೂಟ್ರಾನ್ ಇದ್ದರೆ ರಂಜಕ ನೆಮ್ಮದಿಯಾಗಿರುತ್ತದೆ, ಮೂವತ್ತೆರಡರಲ್ಲಿ ಹದಿನೇಳಿವೆ. ಹೆಚ್ಚಾದ ನ್ಯೂಟ್ರಾನ್ ಪ್ರೋಟಾನ್ ಆಗುತ್ತದೆ, ಆಗುವಾಗ ಒಂದು ಎಲೆಕ್ಟ್ರಾನನ್ನು ಹೊರಗೆ ಎಸೆಯುತ್ತದೆ. ಅದೇ ಬೀಟಾ ಮೈನಸ್. ಆ ಎಲೆಕ್ಟ್ರಾನ್‌ಗಳಿಗೆ ಒಂದು ಬೆರಳು ದಪ್ಪದ ಅಕ್ರಿಲಿಕ್ ಹಲಗೆ ಸಾಕು, ದಾಟಿ ಬರುವುದಿಲ್ಲ. ಸೀಸ ಬೇಕಿಲ್ಲ.

ಯಾವ ತಾಮ್ರ ಎಂದು ಕೇಳಿದೆ. ಅರವತ್ನಾಲ್ಕು ಎಂದರು. ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

"ನೋಡಿ ಮೇಡಂ, ತಾಮ್ರದ ಸರಾಸರಿ ತೂಕ ಅರವತ್ಮೂರೂವರೆ. ನಮ್ಮದು ಅರವತ್ನಾಲ್ಕು. ಅಂದ್ರೆ ನ್ಯೂಟ್ರಾನ್ ಜಾಸ್ತಿ. ಅದರ ಮೇಲೆ ರಿಯಾಕ್ಟರಲ್ಲಿ ನ್ಯೂಟ್ರಾನ್ ತಿನ್ನಿಸಿಯೇ ಮಾಡಿದ್ದು. ಬೀಟಾ ಮೈನಸ್ ಆಗದೆ ಇನ್ನೇನಾಗುತ್ತೆ?"

ಅವರ ಮೇಜಿನಲ್ಲಿ ಕೆಲಸ ಮಾಡುವವಳು ನನ್ನ ನಾದಿನಿ, ನನ್ನ ಗಂಡನ ತಂಗಿ. ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಹೋದ ಭಾನುವಾರವಷ್ಟೇ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ನನ್ನ ಕಿವಿಯಲ್ಲಿ ಹೇಳಿದ್ದಳು, ಮತ್ತೆ ತಿಂಗಳು ನಿಂತಿದೆ ಎಂದು. ಹಿಂದೆ ಎರಡು ಸಲ ಹೀಗೇ ಆಗಿ, ಎರಡು ಸಲವೂ ಉಳಿದಿರಲಿಲ್ಲ. ಮೊದಲನೆಯದು ಹೋದಾಗ ಅವಳು ಈ ಕೆಲಸಕ್ಕೆ ಸೇರಿಯೇ ಇರಲಿಲ್ಲ. ಆದರೂ ಎರಡನೆಯದು ಹೋದಾಗ ಅವಳ ಅತ್ತೆ ಎರಡನ್ನೂ ಸೇರಿಸಿ ನಮ್ಮ ಸಂಸ್ಥೆಯ ತಲೆಗೆ ಕಟ್ಟಿದರು. ಆ ವಿಷದ ಕೆಲಸ, ಆ ವಿಷದ ಕೆಲಸ ಎಂದು ಸಿಕ್ಕಸಿಕ್ಕವರ ಮುಂದೆ ಅಂದರು. ಕೆಲಸಕ್ಕೆ ಸೇರಿಸಿದವಳು ನಾನು, ಹಾಗಾಗಿ ಅದರಲ್ಲಿ ನನಗೂ ಪಾಲು ಬಂತು.

ಈ ಸಲ ಮುಂದಿನ ಸ್ಕ್ಯಾನ್ ಆಗುವವರೆಗೆ ಯಾರಿಗೂ ಹೇಳಬೇಡಿ ಅತ್ತಿಗೆ ಎಂದು ಬೇಡಿಕೊಂಡಿದ್ದಳು. ಅಲ್ಲಿಯವರೆಗೆ ರಂಜಕ ಬಿಟ್ಟು ಬೇರೆ ಯಾವುದನ್ನೂ ಮುಟ್ಟಕೂಡದು ಎಂದು ಮಾತು ತೆಗೆದುಕೊಂಡು ನಾನು ಒಪ್ಪಿದ್ದೆ. ಅಕ್ರಿಲಿಕ್ ಹಿಂದಿನ ರಂಜಕದಿಂದ ಹೊಟ್ಟೆಯವರೆಗೆ ತಲುಪುವುದು ಇಲ್ಲವೆನ್ನುವಷ್ಟೇ ಕಡಿಮೆ. ಪುಟ್ಟಿ ಮಾತಿಗೆ ತಪ್ಪುವವಳಲ್ಲ. ಇದೂ ರಂಜಕದ ಹಾಗೆಯೇ ಎಂದು ಮೇಷ್ಟ್ರು ಹೇಳಿದ್ದರೆ ನಂಬಿರುತ್ತಾಳೆ, ಅಷ್ಟೇ.

ಎಷ್ಟು ಹೊತ್ತಾಯಿತು ಶುರುಮಾಡಿ ಎಂದು ಕೇಳಿದೆ. ಮೂರು ಗಂಟೆ ಆಗಿರಬಹುದು ಎಂದರು. ನಾನು ತಟ್ಟೆ ಬಿಟ್ಟು ಎದ್ದು ಓಡಿದೆ. ಹಿಂದಿನಿಂದ ಏನಾಯ್ತು ಮೇಡಂ, ಏನಾಯ್ತು ಎಂದು ಅವರೂ ಓಡಿಬಂದರು.

ನನ್ನ ಕೋಣೆಯಿಂದ ಗಾಮಾ ಮೀಟರ್ ಎತ್ತಿಕೊಂಡು ಮೆಟ್ಟಿಲಿಳಿಯುವಾಗಲೇ ಅವರಿಗೆ ಉತ್ತರ ಕೊಟ್ಟೆ, ಬಾಯಿಗೆ ಬಂದದ್ದೆಲ್ಲ ಸೇರಿಸಿ. ತಾಮ್ರದಲ್ಲಿ ಪ್ರೋಟಾನ್ ಇಪ್ಪತ್ತೊಂಬತ್ತು. ನೆಮ್ಮದಿಯಾಗಿರುವ ತಾಮ್ರಗಳು ಎರಡು, ಒಂದರಲ್ಲಿ ಮೂವತ್ನಾಲ್ಕು ನ್ಯೂಟ್ರಾನ್, ಇನ್ನೊಂದರಲ್ಲಿ ಮೂವತ್ತಾರು. ಅರವತ್ನಾಲ್ಕರಲ್ಲಿ ಮೂವತ್ತೈದು, ಸರಿಯಾಗಿ ಎರಡರ ನಡುವೆ. ಮೂವತ್ನಾಲ್ಕನ್ನು ನೋಡಿದರೆ ಒಂದು ಹೆಚ್ಚು, ಮೂವತ್ತಾರನ್ನು ನೋಡಿದರೆ ಒಂದು ಕಡಿಮೆ. ನಿಮ್ಮ ಅರವತ್ಮೂರೂವರೆ ಬರೀ ಸರಾಸರಿ, ಅಂಥ ತಾಮ್ರ ಎಲ್ಲೂ ಇಲ್ಲ ಎಂದೆ.

ಸ್ಥಿರತೆಯ ಕಣಿವೆ ಎಂದು ಅವರೇ ಮಕ್ಕಳಿಗೆ ಚಿತ್ರ ಬರೆದು ತೋರಿಸಿದವರು. ಪ್ರೋಟಾನ್‌ಗಳು ಒಂದನ್ನೊಂದು ತಳ್ಳುತ್ತವೆ, ಅವನ್ನು ಹಿಡಿದಿಡಲು ತಕ್ಕಷ್ಟು ನ್ಯೂಟ್ರಾನ್ ಬೇಕು. ಲೆಕ್ಕ ಸರಿಯಿದ್ದ ಪರಮಾಣು ಬೀಜಗಳು ಕಣಿವೆಯ ತಳದಲ್ಲಿರುತ್ತವೆ. ನ್ಯೂಟ್ರಾನ್ ಹೆಚ್ಚಾದವು ಒಂದು ದಡದಿಂದ ಇಳಿಯುತ್ತವೆ, ಕಡಿಮೆಯಾದವು ಎದುರು ದಡದಿಂದ. ಆದರೆ ತಳವೆಲ್ಲ ನುಣ್ಣಗಿಲ್ಲ. ಪ್ರೋಟಾನೂ ಬೆಸ, ನ್ಯೂಟ್ರಾನೂ ಬೆಸ ಆದಾಗ ಎರಡರಲ್ಲೂ ಒಂದೊಂದು ಜೋಡಿಯಿಲ್ಲದೆ ಉಳಿದು, ಆ ಬೀಜ ಕಣಿವೆಯ ನಡುವೆಯೇ ಒಂದು ದಿಬ್ಬದ ಮೇಲೆ ಕೂತಂತಾಗುತ್ತದೆ. ಈ ತಾಮ್ರದ ಒಂದು ಪಕ್ಕದಲ್ಲಿ ಸತು, ಇನ್ನೊಂದು ಪಕ್ಕದಲ್ಲಿ ನಿಕ್ಕಲ್, ಎರಡರಲ್ಲೂ ಪ್ರೋಟಾನ್ ನ್ಯೂಟ್ರಾನ್ ಎಲ್ಲವೂ ಜೋಡಿಜೋಡಿ, ಎರಡೂ ತಗ್ಗು. ಹಾಗಾಗಿ ಅದು ಎರಡೂ ಕಡೆ ಜಾರುತ್ತದೆ. ರಿಯಾಕ್ಟರಿನಲ್ಲಿ ಹುಟ್ಟಿತೋ ಬೇರೆಲ್ಲೋ ಹುಟ್ಟಿತೋ ಅದಕ್ಕೆ ನೆನಪಿರುವುದಿಲ್ಲ. ಈಗ ಒಳಗೆ ಎಷ್ಟಿವೆ ಎನ್ನುವುದಷ್ಟೇ ಲೆಕ್ಕ.

ನಿಕ್ಕಲ್ ಕಡೆ ಜಾರುವಾಗ ಎಲೆಕ್ಟ್ರಾನಿನದೇ ಪ್ರತಿರೂಪವಾದ ಪಾಸಿಟ್ರಾನ್ ಬರಬಹುದು. ಪಾಸಿಟ್ರಾನ್ ಎದುರಿಗೆ ಸಿಕ್ಕ ಎಲೆಕ್ಟ್ರಾನ್ ಜೊತೆ ಸೇರಿ ಎರಡೂ ಇಲ್ಲವಾಗುತ್ತವೆ, ಆ ಜಾಗದಿಂದ ಎರಡು ಗಾಮಾ ಕಿರಣಗಳು ಎದುರುಬದುರಾಗಿ ಹೊರಡುತ್ತವೆ. ಅವಕ್ಕೆ ಅಕ್ರಿಲಿಕ್ ಹಲಗೆ ಕಿಟಕಿ ಗಾಜಿದ್ದ ಹಾಗೆ. ಇಷ್ಟು ಹೇಳುವಷ್ಟರಲ್ಲಿ ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಪಾಪ, ಅವರಿಗೆ ಬಸಿರಿನ ವಿಷಯ ಗೊತ್ತೇ ಇರಲಿಲ್ಲ.

ಓಡುತ್ತಲೇ ನಾನು ಲೆಕ್ಕ ಹಾಕುತ್ತಿದ್ದೆ. ಯಾವ ಕಡೆ ಎಷ್ಟು ಪಾಲು ಜಾರುತ್ತದೆ ಎನ್ನುವುದು ಆ ಗಾಬರಿಯಲ್ಲಿ ನೆನಪಿಗೇ ಬರಲಿಲ್ಲ. ಕೆಟ್ಟದ್ದನ್ನೇ ಹಿಡಿದೆ, ಎಲ್ಲವೂ ಪಾಸಿಟ್ರಾನ್ ಎಂದು. ತಾಮ್ರದ ಬಾಟಲಿಯಿಂದ ಪುಟ್ಟಿಯ ಹೊಟ್ಟೆಗೆ ಒಂದು ಮೊಳ ದೂರ, ಮೂರು ಗಂಟೆ. ಮೈಗೆ ತಗಲುವ ವಿಕಿರಣದ ಅಳತೆಯಲ್ಲಿ ಸುಮಾರು ಮೂರು ಮಿಲಿಸೀವರ್ಟ್ ಬಂತು. ಬಸಿರು ಗೊತ್ತಾದ ಮೇಲೆ ಹೆರಿಗೆಯವರೆಗೆ ಮಗುವಿಗೆ ಇರುವ ಮಿತಿ ಒಂದೇ ಮಿಲಿಸೀವರ್ಟ್. ಮೂರರಿಂದ ಯಾವ ಬಸಿರೂ ಹೋಗುವುದಿಲ್ಲ, ಅದು ನೂರರ ಆಚೆಯ ಮಾತು ಎಂದು ಬಲ್ಲೆ. ಆದರೆ ಮಿತಿ ದಾಟಿದರೆ ನಾನು ಮೇಲೆ ತಿಳಿಸಲೇಬೇಕು, ವಿಚಾರಣೆ ಆಗಲೇಬೇಕು, ಸುದ್ದಿ ಅವಳ ಅತ್ತೆಯ ಮನೆ ಮುಟ್ಟಲೇಬೇಕು. ಆಮೇಲೆ ಈ ಬಸಿರೂ ಯಾವುದೋ ಬೇರೆ ಕಾರಣಕ್ಕೆ ಹೋಯಿತೆಂದರೆ ಆ ಕಾರಣವನ್ನು ಯಾರು ಕೇಳುತ್ತಾರೆ? ನನಗೆ ಭಯವಾಯಿತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಭಯ ಎಂದೂ ಆಗಿರಲಿಲ್ಲ.

ಪುಟ್ಟಿ ಹಲಗೆಯ ಹಿಂದೆ ಎತ್ತರದ ಸ್ಟೂಲಿನಲ್ಲಿ ಕೂತು ಸೂಜಿಯಲ್ಲಿ ಹನಿಹನಿ ಎಳೆಯುತ್ತಿದ್ದಳು. ಪಕ್ಕದಲ್ಲಿ ಬೀಟಾ ಕೌಂಟರ್ ಯಾವಾಗಿನಂತೆ ಟಕಟಕ ಎನ್ನುತ್ತಿತ್ತು. ಅದು ಯಾವ ಕಣ ಬಂದರೂ ಟಕಟಕ ಎನ್ನುತ್ತದೆ, ಬೀಟಾ ಯಾವುದು ಗಾಮಾ ಯಾವುದು ಎಂದು ಬಿಡಿಸಿ ಹೇಳುವುದಿಲ್ಲ. ಕೋಟಿನ ಮೇಲಿನ ವಿಕಿರಣ ಅಳೆಯುವ ಬ್ಯಾಡ್ಜು ತಿಂಗಳ ಕೊನೆಯಲ್ಲಿ ಓದಿದಾಗಷ್ಟೇ ಬಾಯಿ ಬಿಡುವಂಥದ್ದು. ಅವಳಿಗೆ ಅನುಮಾನ ಬರಲು ಯಾವ ದಾರಿಯೂ ಇರಲಿಲ್ಲ.

"ಎದ್ದೇಳು. ಕೈಲಿರೋದನ್ನ ಅಲ್ಲೇ ಇಟ್ಟು ಹೊರಗೆ ಬಾ," ಎಂದೆ.

ನನ್ನ ಮುಖ ನೋಡಿ ಅವಳು ಕೈಗವಸು ತೆಗೆದು, ಕೈ ಪರೀಕ್ಷಿಸಿಕೊಂಡು ಹೊರಗೆ ಬಂದಳು. ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಕೂರಲು ಹೇಳಿ ನಾನು ಒಳಗೆ ಹೋದೆ. ಅವಳ ಹೊಟ್ಟೆ ಇದ್ದ ಜಾಗಕ್ಕೆ, ಹಲಗೆಯ ಈಚೆಗೆ, ಮೀಟರ್ ಹಿಡಿದೆ.

ಮುಳ್ಳು ಎದ್ದಿತು. ಅಂದರೆ ಗಾಮಾ ಬರುತ್ತಿರುವುದು ನಿಜ. ಆದರೆ ನಾನು ಎಣಿಸಿದ್ದರ ಆರನೇ ಒಂದು ಪಾಲಿನ ಹತ್ತಿರ ಬಂದು ಅದು ನಿಂತುಬಿಟ್ಟಿತು. ಬ್ಯಾಟರಿ ಸತ್ತಿದೆ ಎಂದುಕೊಂಡು ಗುಂಡಿ ಒತ್ತಿ ನೋಡಿದೆ, ಸರಿಯಾಗಿತ್ತು. ಮೇಷ್ಟ್ರನ್ನು ಓಡಿಸಿ ಇನ್ನೊಂದು ಮೀಟರ್ ತರಿಸಿದೆ. ಅದೂ ಅಷ್ಟನ್ನೇ ತೋರಿಸಿತು.

ಬಾಟಲಿಯನ್ನು ಚಿಮಟದಿಂದ ಎತ್ತಿ ಅದು ಬಂದ ಸೀಸದ ಡಬ್ಬಕ್ಕೆ ಇಳಿಸಿ ಮುಚ್ಚಿದ ಮೇಲೆಯೇ ನನ್ನ ತಲೆ ಕೆಲಸ ಮಾಡಿದ್ದು. ನೂರು ತಾಮ್ರದ ಪರಮಾಣುಗಳಲ್ಲಿ ಮೂವತ್ತೆಂಟು ಸತುವಿನ ಕಡೆ ಹೋಗುತ್ತವೆ, ಮೇಷ್ಟ್ರು ಹೇಳಿದ ಬೀಟಾ ಮೈನಸ್ಸೇ. ಉಳಿದವು ನಿಕ್ಕಲ್ ಕಡೆ. ಆದರೆ ಅವುಗಳಲ್ಲೂ ಹೆಚ್ಚಿನವು ಪಾಸಿಟ್ರಾನ್ ಎಸೆಯುವುದಿಲ್ಲ. ತನ್ನ ಸುತ್ತ ತಿರುಗುವ ಎಲೆಕ್ಟ್ರಾನ್ ಒಂದನ್ನೇ ಬೀಜ ಒಳಗೆ ನುಂಗಿ ಒಂದು ಪ್ರೋಟಾನನ್ನು ನ್ಯೂಟ್ರಾನ್ ಮಾಡಿಕೊಳ್ಳುತ್ತದೆ. ಆಗ ಹೊರಡುವ ಕಿರಣ ಎಷ್ಟು ಬಡಕಲೆಂದರೆ ಬಾಟಲಿಯ ಗಾಜಿನಲ್ಲೇ ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಪಾಸಿಟ್ರಾನ್ ಎಸೆಯುವವು ನೂರಕ್ಕೆ ಹದಿನೇಳೋ ಹದಿನೆಂಟೋ. ಮುಳ್ಳು ಹೇಳಿದ್ದೂ ಅದನ್ನೇ.

ಮೂರು ಗಂಟೆಗೆ ಅರ್ಧ ಮಿಲಿಸೀವರ್ಟ್. ಅದೂ ಚರ್ಮದ ಮೇಲಿನ ಲೆಕ್ಕ, ಗರ್ಭದವರೆಗೆ ತಲುಪಿದ್ದು ಇನ್ನೂ ಕಡಿಮೆ. ನೆಲದಿಂದಲೂ ಗಾಳಿಯಿಂದಲೂ ಎಲ್ಲರಿಗೂ ಎರಡು ಮೂರು ತಿಂಗಳಲ್ಲಿ ತಾನಾಗಿ ಬರುವಷ್ಟು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ತಮ್ಮ ತಪ್ಪನ್ನು ತಾವೇ ಬರೆದು ಮೇಲಿನವರಿಗೆ ಕೊಡುತ್ತೇನೆ ಎಂದರು. ಬೈಯಬೇಕೆಂದು ಬಾಯಿ ತೆರೆದವಳು, ಇವತ್ತೇ ಬರೆದುಕೊಡಿ ಎಂದಷ್ಟೇ ಹೇಳಿ ಎದ್ದೆ.

ಬೆಂಚಿನಲ್ಲಿ ಪುಟ್ಟಿ ಎರಡೂ ಕೈ ಹೊಟ್ಟೆಯ ಮೇಲಿಟ್ಟು ಕೂತಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ, ಏನನ್ನೂ ಮುಚ್ಚಿಡಲಿಲ್ಲ. ಮಿತಿ ದಾಟಿಲ್ಲ, ಆದರೆ ಸರಿಸುಮಾರು ಅರ್ಧ ಖರ್ಚಾಗಿದೆ, ಇವತ್ತಿನಿಂದ ನೀನು ಆ ಕೋಣೆಗೆ ಕಾಲಿಡುವ ಹಾಗಿಲ್ಲ, ಬಸಿರಿನ ವಿಷಯವನ್ನು ಸಂಸ್ಥೆಗಷ್ಟೇ ಬರೆದು ತಿಳಿಸಲೂ ಬೇಕು ಎಂದೆ. ಅವಳು ತಲೆಯಾಡಿಸಿದಳು.

"ಅತ್ತಿಗೆ, ಇದಾದ್ರೂ ಉಳಿಯುತ್ತಾ?"

ಇಂಥ ಹೊತ್ತಿನಲ್ಲಿ ಹೇಳುವ ಮಾತು ನನಗೆ ಬಾಯಿಪಾಠ. ಏನೂ ಆಗಲ್ಲ ಕಣೇ, ಧೈರ್ಯವಾಗಿರು. ಎರಡು ಸಲ ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ನಾನೇ ಅದನ್ನು ಹೇಳಿದ್ದೆ. ಈ ಸಲ ನಾಲಿಗೆ ಹೊರಳಲಿಲ್ಲ. ನೂರು ತಾಮ್ರದಲ್ಲಿ ಎಷ್ಟು ಯಾವ ಕಡೆ ಜಾರುತ್ತವೆ ಎಂದು ಹೇಳಬಲ್ಲೆ. ಕಣ್ಣೆದುರಿಗಿರುವ ಈ ಒಂದು ಏನು ಮಾಡುತ್ತದೆ ಎಂದು ನಾನಲ್ಲ, ಯಾರೂ ಹೇಳಲಾರರು.

"ಈ ತಾಮ್ರದಿಂದ ಅದು ಹೋಗಲ್ಲ. ಅದನ್ನ ಯಾರ ಮುಂದೆ ಬೇಕಾದ್ರೂ ನಿಂತು ಹೇಳ್ತೀನಿ, ನಿಮ್ಮತ್ತೆ ಮುಂದೂ ಹೇಳ್ತೀನಿ. ಉಳಿಯುತ್ತಾ ಅಂದ್ರೆ ನಂಗೆ ಗೊತ್ತಿಲ್ಲ ಪುಟ್ಟಿ."

ಅಳುತ್ತಾಳೆ ಎಂದುಕೊಂಡೆ. ಅವಳು ಜೋರಾಗಿ ಉಸಿರು ಬಿಟ್ಟು ನನ್ನ ಭುಜಕ್ಕೆ ತಲೆಯಾನಿಸಿದಳು.

"ಸಾಕು ಅತ್ತಿಗೆ. ಇಷ್ಟು ದಿನ ಎಲ್ಲರೂ ಏನೂ ಆಗಲ್ಲ ಅಂತ ಹೇಳಿ ಹೇಳಿ, ಹೋದಾಗ ನಾನೇ ಏನೋ ತಪ್ಪು ಮಾಡಿದೀನಿ ಅನ್ಸೋದು."

ನಾನು ಅವಳ ಕೈ ಹಿಡಿದುಕೊಂಡೆ. ಆ ಹೊತ್ತಿಗೆ ಅಳುತ್ತಿದ್ದವಳು ನಾನು.