ಸಾಹೇಬರಿಗೂ ಒಂದು ಪ್ರತಿ

ತಳೇಗಾಂವದ ಕಾರ್ಖಾನೆಯಲ್ಲಿ ಸ್ಟೋರ್ಸ್ ವಿಭಾಗದ ಮ್ಯಾನೇಜರ್ ಹಣಮಂತ್ರಾಯರ ಮೇಜಿನ ಮೇಲೊಂದು ಕಂಪ್ಯೂಟರ್ ಇತ್ತು. ಅದಕ್ಕೆ ಹೊದಿಸಿದ ಪ್ಲಾಸ್ಟಿಕ್ ಹೊದಿಕೆಯನ್ನು ಅವರು ಭಾನುವಾರವೂ ತೆಗೆಯುತ್ತಿರಲಿಲ್ಲ, ಸೋಮವಾರವೂ ತೆಗೆಯುತ್ತಿರಲಿಲ್ಲ. ಅವರ ಈ–ಮೇಲ್‌ಗಳನ್ನು ಅವರ ಕೈಕೆಳಗಿನ ಗುಮಾಸ್ತ ಚನ್ನವೀರ ತನ್ನ ಕಂಪ್ಯೂಟರಿನಲ್ಲಿ ತೆಗೆದು, ಕಾಗದದ ಮೇಲೆ ಛಾಪಿಸಿ, ಫೈಲಿಗೆ ಹಾಕಿ ಕೊಡಬೇಕು. ಅವರು ಚಹಾ ಕುಡಿಯುತ್ತ ಓದಿ ಉತ್ತರ ಹೇಳಬೇಕು, ಚನ್ನವೀರ ಅದನ್ನು ಕೀಲಿಮಣೆಯಲ್ಲಿ ಬಡಿಯಬೇಕು. ಪಾಸ್‌ವರ್ಡ್ ಏನೆಂಬುದು ಸಾಹೇಬರಿಗೇ ಗೊತ್ತಿರಲಿಲ್ಲ.

ಚನ್ನವೀರನ ಮನೆ ದೂರದ ಬಿಬವೇವಾಡಿಯಲ್ಲಿ. ಮಗಳು ಶರಣ್ಯಾ ಏಳುವ ಮೊದಲೇ ಕಂಪನಿ ಬಸ್ಸು ಹಿಡಿಯಬೇಕು, ತಿರುಗಿ ಬರುವಷ್ಟರಲ್ಲಿ ಅವಳು ಮಲಗಿರುತ್ತಾಳೆ. ಬಾಲವಾಡಿಯಲ್ಲಿ ಅಪ್ಪನ ಹೆಸರು ಕೇಳಿದರೆ ಆ ಪುಟ್ಟ ಹುಡುಗಿ ‘ರವಿವಾರದ ಪಪ್ಪಾ’ ಎಂದಳಂತೆ. ಹೆಂಡತಿ ಸ್ನೇಹಲ್ ಅದನ್ನು ನಗುತ್ತಲೇ ಹೇಳಿದಳು. ಚನ್ನವೀರನಿಗೆ ಮಾತ್ರ ನಗು ಬರಲಿಲ್ಲ.

ಅದೇ ವಾರ ಬಿಬವೇವಾಡಿ ಹತ್ತಿರದ ಮುಖ್ಯ ಕಚೇರಿಯ ಖರೀದಿ ವಿಭಾಗದಲ್ಲಿ ಒಂದು ಜಾಗ ಖಾಲಿ ಎಂದು ಕಂಪನಿಯೊಳಗೆ ಪ್ರಕಟಣೆ ಬಂತು. ನೌಕರರೇ ಅರ್ಜಿ ಹಾಕಬಹುದು, ಆದರೆ ಈಗಿನ ಮ್ಯಾನೇಜರಿಗೆ ತಿಳಿಸಿರಬೇಕು. ಸೋಮವಾರ ಚನ್ನವೀರ ಬರೆದ: ಇಂಥ ಹುದ್ದೆಗೆ ಅರ್ಜಿ, ಇಂತಿಷ್ಟು ಅನುಭವ, ಮನೆಗೆ ಹತ್ತಿರವಾಗುತ್ತದೆ, ಇಲ್ಲಿನ ಕೆಲಸ ಹಸ್ತಾಂತರಿಸಿಯೇ ಹೋಗುತ್ತೇನೆ, ನನ್ನ ಮ್ಯಾನೇಜರಿಗೆ ತಿಳಿಸಿದ್ದೇನೆ, ಅವರಿಗೂ ಒಂದು ಪ್ರತಿ. ಸಿಬ್ಬಂದಿ ವಿಭಾಗದ ದೀಪಾಲಿ ಮೇಡಂಗೆ ಕಳಿಸಿದ. ಪ್ರತಿ ಹೋಗಿ ಸಾಹೇಬರ ಮೇಲ್ ಪೆಟ್ಟಿಗೆಯಲ್ಲಿ ಕೂತಿತು.

ಕೂತಿತು, ಅಷ್ಟೇ. ಅದನ್ನು ಛಾಪಿಸಿ ಕೊಡಬೇಕಾದವನು ಯಾರು? ಇವನೇ! ಸೋಮವಾರ ಸಾಹೇಬರು ಗರಂ ಇದ್ದರು, ನಾಳೆ ಕೊಟ್ಟರಾಯಿತು ಅಂದುಕೊಂಡ. ಮಂಗಳವಾರ ಭಾಳ ಖುಷಿಯಲ್ಲಿದ್ದರು, ಆ ಖುಷಿ ಯಾಕೆ ಕೆಡಿಸಬೇಕು ಅಂದುಕೊಂಡ. ಪುಕ್ಕಲರಿಗೆ ನೆಪ ಹುಡುಕಿಕೊಡುವವರು ಬೇಕಿಲ್ಲ, ನೋಡಿ.

ಗುರುವಾರ ದೀಪಾಲಿ ಮೇಡಂ ಅವರ ಉತ್ತರ ಇಬ್ಬರಿಗೂ ಬಂತು: ‘ಅರ್ಜಿ ಸ್ವೀಕರಿಸಿದ್ದೇವೆ. ನಿಮ್ಮ ಮ್ಯಾನೇಜರರ ಒಪ್ಪಿಗೆ ಅವರ ಮೇಲ್‌ನಿಂದ ನಾಳೆ ಸಂಜೆಯೊಳಗೆ ಬರಬೇಕು. ಬಾರದಿದ್ದರೆ ಅರ್ಜಿ ಪರಿಗಣಿಸಲಾಗದು.’

ಇನ್ನು ಅಡಗಿಸಿಡುವಂತಿಲ್ಲ, ಸಾಹೇಬರಿಗೆ ಗೊತ್ತಾಗಲೇಬೇಕು ಎಂದು ಚನ್ನವೀರನಿಗೆ ಹೊಳೆಯಿತು. ಮರುಕ್ಷಣ ಇನ್ನೊಂದು ಯೋಚನೆ ಬಂತು, ಅದು ಮೊದಲಿನದಕ್ಕಿಂತ ಕೆಟ್ಟದ್ದು. ಸಾಹೇಬರ ಮೇಲ್ ತನ್ನ ಕೈಯಲ್ಲೇ ಇದೆ. ಉತ್ತರದ ಜಾಗ ತೆರೆದು ‘ಅಭ್ಯಂತರವಿಲ್ಲ’ ಎಂದು ಬಡಿದೂಬಿಟ್ಟ. ಕಳಿಸುವ ಗುಂಡಿಯ ಮೇಲೆ ಬೆರಳು ನಿಂತಿತು. ಐದು ವರ್ಷ ನಂಬಿ ಕೊಟ್ಟ ಬೀಗದ ಕೈ ಅದು. ಛೀ ಅನ್ನಿಸಿತು. ಎಲ್ಲ ಅಳಿಸಿ, ಎರಡೂ ಮೇಲ್ ಛಾಪಿಸಿ, ಸಾಹೇಬರ ಕೋಣೆಗೆ ಹೋದ.

ಹಣಮಂತ್ರಾಯರು ಎರಡನ್ನೂ ಓದಿದರು. ತಾರೀಖು ನೋಡಿದರು. ಕನ್ನಡಕ ತೆಗೆದಿಟ್ಟರು.

“ಸೋಮವಾರ ಬರದಿ. ಇವತ್ತ ಗುರುವಾರ.”

“ಹೌದ್ರಿ ಸಾಹೇಬ್ರ. ಹೆದರಿದ್ನಿರಿ.”

“ಹೋಗ್ತೀನಿ ಅಂದ್ರ ನಾ ಏನ್ ತಿಂತಿದ್ನೇನೊ ನಿನ್ನ? ದಿನಾ ಎದುರಿಗೆ ನಿಲ್ತಿ. ಬಾಯಿಲೆ ಒಂದ್ ಮಾತ್ ಹೇಳಬಾರದಿತ್ತೇನು? ತಿಳಿಸೀನಿ ಅಂತ ಬ್ಯಾರೆ ಬರದೀದಿ!”

ಚನ್ನವೀರ ತಲೆ ತಗ್ಗಿಸಿದ. ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ, ಸಾಹೇಬರ ಮುಖ ಸಣ್ಣಗಾದದ್ದನ್ನು ನೋಡಲು ಸಿದ್ಧನಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

“ತಪ್ಪಾತ್ರಿ. ಮಗಳ ಸಲುವಾಗಿ ಹಾಕೀನ್ರಿ ಅರ್ಜಿ. ಆಕಿ ಎಚ್ಚರಿದ್ದಾಗ ನಾ ಮನ್ಯಾಗಿರೋದು ರವಿವಾರ ಒಂದ ದಿನ ನೋಡ್ರಿ.”

ಹಣಮಂತ್ರಾಯರು ಎದ್ದು ಕಂಪ್ಯೂಟರಿನ ಹೊದಿಕೆ ಸರ್ರನೆ ಎಳೆದರು. ಧೂಳಿಗೆ ಇಬ್ಬರೂ ಸೀನಿದರು.

“ಇದರ ಉತ್ತರ ನಿನ್ನ ಕೈಲೆ ಹೋಗಬಾರದು. ನಾನ ಬಡೀತೀನಿ. ಪಾಸ್‌ವರ್ಡ್ ಹೇಳು.”

ಚನ್ನವೀರ ಮೆಲ್ಲಗೆ ಒಂದೊಂದೇ ಅಕ್ಷರ ಹೇಳಿದ. ಸಾಹೇಬರು ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದರು. ಮುಗಿದ ಮೇಲೆ ತಲೆ ಎತ್ತಿದರು.

“ಶರಣ್ಯಾ. ಯಾರೋ ಈಕಿ?”

“ಮಗಳ್ರಿ.”

“ಅಂದ್ರ ಇಷ್ಟು ದಿನ ನನ್ನ ಕೆಲಸ ಸುರು ಆಗಿದ್ದು ನಿನ್ನ ಮಗಳ ಹೆಸರಿಲೆ!” ಸಾಹೇಬರು ನಕ್ಕೇಬಿಟ್ಟರು. ಉತ್ತರ ಬಡಿಯಲು ಅರ್ಧ ತಾಸು ಹಿಡಿಯಿತು: ನನಗೆ ತಿಳಿಸಿದ್ದಾನೆ, ತಡವಾಗಿ. ಒಳ್ಳೆಯ ಕೆಲಸಗಾರ. ಆಯ್ಕೆಯಾದರೆ ಒಂದು ತಿಂಗಳಲ್ಲಿ ಬಿಡುತ್ತೇನೆ, ಅಷ್ಟರಲ್ಲಿ ನನಗೆ ಈ ಯಂತ್ರ ಕಲಿಸಲಿ.

ಸಂದರ್ಶನವಾಯಿತು, ಆಯ್ಕೆಯೂ ಆಯಿತು. ತಿಂಗಳ ತುಂಬ ಚನ್ನವೀರ ಕಲಿಸಿದ, ಸಾಹೇಬರು ಅವನಿಗೇ ಬೈಯುತ್ತ ಕಲಿತರು. ಪಾಸ್‌ವರ್ಡ್ ಬದಲಿಸುವುದನ್ನೂ ತೋರಿಸಿಕೊಟ್ಟ.

ಹೊಸ ಕಚೇರಿಯ ಮೊದಲ ದಿನ ಅವನು ಮಗಳ ಜಡೆ ಹಾಕಿ, ಸೊಟ್ಟಗೇ ಹಾಕಿ, ಬಾಲವಾಡಿಗೆ ಬಿಟ್ಟು ಬಂದ. ಮೇಲ್ ತೆರೆದರೆ ಮೊದಲನೆಯದೇ ಹಣಮಂತ್ರಾಯರದು, ಇಂಗ್ಲಿಷ್ ಅಕ್ಷರಗಳಲ್ಲಿ ಬಡಿದ ಕನ್ನಡ.

‘ಪಾಸ್‌ವರ್ಡ್ ಬದಲಿ ಮಾಡಿಲ್ಲ. ಆಕಿ ಎದ್ದಾಗ ಇದ್ದೀ ಏನು ಇವತ್ತ? ತಿಳಸು.’

ಚನ್ನವೀರ ಮೇಲ್ ಬರೆಯಲಿಲ್ಲ. ಫೋನೆತ್ತಿ ತಳೇಗಾಂವಕ್ಕೆ ಹಚ್ಚಿದ.

“ಇದ್ನಿರಿ ಸಾಹೇಬ್ರ” ಎಂದ.